ಬೆಂಚು ಬೇರೆಯಾದ ಮೇಲೆ ಮೇಷ್ಟ್ರು ಕಲ್ಲಿನ ಕಥೆ ಹೇಳಿದರು

ಬಸ್ ಸ್ಟ್ಯಾಂಡಿನ ಹಿಂದಿರುವ ಸರ್ಕಾರಿ ಹೈಸ್ಕೂಲಿನಲ್ಲಿ ಕಳೆದ ಸೋಮವಾರ ಬೆಳಿಗ್ಗೆ ಪ್ರೇಯರ್ ಮುಗಿಯೋದು 20 ನಿಮಿಷ ತಡವಾಯಿತು. ಮೊದಲ ಪೀರಿಯಡ್ಡೇ ಹೋಯಿತು. ಹೋಗಲಿ ಬಿಡಿ, ಅದು ಲೆಕ್ಕದ ಪೀರಿಯಡ್ಡಾಗಿದ್ದರಿಂದ ಮಕ್ಕಳ್ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಆ 20 ನಿಮಿಷದಲ್ಲಿ ನಡೆದ ಮಾತು ಮಧ್ಯಾಹ್ನದ ಹೊತ್ತಿಗೆ ಹೋಟೆಲಿನ ಟೇಬಲ್ಲಿಗೆ ಬಂತು, ಸಂಜೆ ಹೊತ್ತಿಗೆ ಬಾಳೆಮಂಡಿಗೂ ಹೂವಿನಂಗಡಿಗೂ ಮುಟ್ಟಿತು. ಮುಟ್ಟಬೇಕಾದ ಜಾಗಕ್ಕೇ ಮುಟ್ಟಿತು ಅನ್ನಿ.

ಕಾರಣ ಓದುಗರಿಗೆ ಗೊತ್ತಿರೋದೇ. ಗಣೇಶನನ್ನು ಬಿಡೋ ದಿವಸ ಮೆರವಣಿಗೆ ಪೇಟೆ ಮಸೀದಿ ಮುಂದೆ ಬಂದಾಗ ಸಂಜೆ ನಮಾಜಿನ ಹೊತ್ತು. ಬ್ಯಾಂಡ್ ಸೆಟ್ಟಿನವರು ನಿಂತರು. ಬಾರಿಸಿಕೊಂಡೇ ಹೋಗ್ಬೇಕು ಅಂತ ಕೆಲವರು, ಐದು ನಿಮಿಷ ನಿಲ್ಲಿಸಿ ಅಂತ ಕೆಲವರು. ಕಾಲು ಗಂಟೆ ಬಾಯಿಗೆ ಬಾಯಿ ಆಯಿತು. ಸಬ್ ಇನ್ಸ್‌ಪೆಕ್ಟರು ಬಂದರು, ಮೆರವಣಿಗೆ ಮುಂದಕ್ಕೆ ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ, ಯಾರ ಅಂಗಡಿಯ ಗಾಜೂ ಒಡೆಯಲಿಲ್ಲ. ಊರಿನ ದೊಡ್ಡವರು ಸದ್ಯ ಮುಗೀತಲ್ಲ ಅಂತ ಮಲಗಿದರು.

ಮುಗಿದಿರಲಿಲ್ಲ. ಮಾರನೇ ದಿವಸ ಜಗಳ ಬ್ಯಾಗು ಹೊತ್ತುಕೊಂಡು ಸ್ಕೂಲಿಗೆ ಬಂತು.

ಒಂಬತ್ತನೇ ಕ್ಲಾಸಿನ ಬಿ ಸೆಕ್ಷನ್ನಿನಲ್ಲಿ ಹೂವಿನಂಗಡಿಯವರ ಮಗನೂ ಬಾಳೆಮಂಡಿ ಸಾಬರ ಮಗನೂ ಒಂದೇ ಬೆಂಚಿನವರು. ಅಂಗಡಿಗಳೂ ಅಷ್ಟೇ, ನಡುವೆ ಒಂದು ಗೋಡೆ. ದೇವಸ್ಥಾನಕ್ಕೆ ಹೋಗುವವರು ಇಲ್ಲಿ ಹೂವು ತಗೊಂಡು ಅಲ್ಲಿ ಹಣ್ಣು ತಗೊಳ್ತಾರೆ. ಚಿಲ್ಲರೆ ಇಲ್ಲದಿದ್ದರೆ ಇವರು ಅವರ ಗಲ್ಲಾಕ್ಕೆ ಕೈ ಹಾಕ್ತಾರೆ. ಇಂಥ ಮನೆಯ ಹುಡುಗರು 'ನಿಮ್ಮೋರು', 'ನಮ್ಮೋರು' ಅಂತ ಶುರುಮಾಡಿದರು. ಒಬ್ಬ ಒಂದು ಮಾತಂದ, ಇನ್ನೊಬ್ಬ ನೋಟ್ ಬುಕ್ಕು ಹರಿದ. ಮಧ್ಯಾಹ್ನದ ಹೊತ್ತಿಗೆ ಇಡೀ ಕ್ಲಾಸು ಎರಡು ಸಾಲಾಯಿತು. ಕಿಟಕಿ ಕಡೆಯವರು ಬಾಗಿಲ ಕಡೆಯವರ ಬಾಟಲಿಯ ನೀರು ಕುಡಿಯಲ್ಲ, ಅವರು ಇವರ ಜಾಮಿಟ್ರಿ ಬಾಕ್ಸು ಮುಟ್ಟಲ್ಲ. ಮೂರನೇ ದಿವಸ ಬಾಳೆಮಂಡಿಯವರು ಹೆಡ್ಮಾಸ್ಟರ ಕೋಣೆಗೆ ಬಂದು ಒಂದು ಕಾಗದ ಕೊಟ್ಟರು. ಮಗನ ಟಿ.ಸಿ. ಕೊಡಿ, ಬೇರೆ ಕಡೆ ಸೇರಿಸ್ತೀನಿ ಅಂತ.

ಹೆಡ್ಮಾಸ್ಟರು ಆ ಕಾಗದವನ್ನು ಡ್ರಾಯರಿನಲ್ಲಿಟ್ಟರು. ಸೋಮವಾರ ಪ್ರೇಯರಿನಲ್ಲಿ ಮಾತಾಡೋದಕ್ಕೆ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಹೇಳಿದರು.

ಮೂವರು ಗುರುಗಳನ್ನು ಯಾಕೆ ಕರೆಯಲಿಲ್ಲ?

ಇಂಥ ಹೊತ್ತಿನಲ್ಲಿ ಸ್ಕೂಲುಗಳಲ್ಲಿ ಸಾಮಾನ್ಯವಾಗಿ ಮಾಡೋದೇನು ಅಂತ ಎಲ್ಲರಿಗೂ ಗೊತ್ತು. ಒಬ್ಬ ಸ್ವಾಮಿಗಳು, ಒಬ್ಬ ಮೌಲ್ವಿ, ಒಬ್ಬ ಪಾದ್ರಿ, ಮೂವರನ್ನೂ ಒಂದೇ ವೇದಿಕೆಗೆ ಕರೆದು ಹಾರ ಹಾಕೋದು. ಹಿಂದೊಮ್ಮೆ ಈ ಸ್ಕೂಲಿನಲ್ಲೂ ಹಾಗೇ ಮಾಡಿದ್ದರಂತೆ. "ಮೂವರೂ ಒಳ್ಳೆಯವರೇ ಸ್ವಾಮಿ. ಆದರೆ ಒಬ್ಬೊಬ್ಬರೂ 20 ನಿಮಿಷ ತಮ್ಮ ತಮ್ಮ ಧರ್ಮ ಎಷ್ಟು ದೊಡ್ಡದು ಅಂತಲೇ ಹೇಳಿದರು. ಬಿಸಿಲಿಗೆ ಇಬ್ಬರು ಹುಡುಗಿಯರು ತಲೆ ಸುತ್ತಿ ಬಿದ್ದರು" ಅಂದರು ಹೆಡ್ಮಾಸ್ಟರು.

ಇನ್ನೊಂದು ಕಾರಣ ಕಾನೂನಿನದು. ಪೂರಾ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಹೇಳುತ್ತೆ. ಒಂದು ಧರ್ಮದ ಬಗ್ಗೆ ತಿಳಿಸೋದು ಬೇರೆ, ಅದನ್ನು ನಂಬಿ, ಪಾಲಿಸಿ ಅಂತ ಕಲಿಸೋದು ಬೇರೆ. ವೇದಿಕೆ ಮೇಲೆ ನಿಂತ ಹೊರಗಿನ ಅತಿಥಿಗೆ ಈ ಗೆರೆ ಎಲ್ಲಿದೆ ಅಂತ ಗೊತ್ತಾಗೋದು ಕಷ್ಟ. ಮೇಷ್ಟ್ರಿಗೆ ಗೊತ್ತಿರುತ್ತೆ, ಗೊತ್ತಿರಬೇಕು.

ಮೇಷ್ಟ್ರು ಇನ್ನೆರಡು ತಪ್ಪುಗಳನ್ನೂ ಹೇಳಿದರು. ಒಂದು, 'ನಾವು ಅವರನ್ನು ಸಹಿಸಿಕೊಳ್ಳಬೇಕು' ಅನ್ನೋ ಮಾತು. "ನಾವು ಅಂದ್ರೆ ಯಾರು, ಅವರು ಅಂದ್ರೆ ಯಾರು? ಸಾಲಿನಲ್ಲಿ ನಿಂತಿರೋ ಮಗು ತಾನು ಯಾವುದರಲ್ಲಿದ್ದೀನಿ ಅಂತ ಆ ಕ್ಷಣದಲ್ಲೇ ಲೆಕ್ಕ ಹಾಕುತ್ತೆ. ಸಹಿಸ್ಕೊಳ್ಳೋಕೆ ಅದೇನು ಹಲ್ಲುನೋವಾ?" ಎರಡು, ಭಾಷಣದ ನಡುವೆ ಒಬ್ಬ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, ನೋಡಿ ಇವನೂ ನಮ್ಮವನೇ ಅನ್ನೋದು. "ಅಲ್ಲೀವರೆಗೂ ಅವನು ಬರೀ ಹುಡುಗನಾಗಿದ್ದ. ಎಬ್ಬಿಸಿದ ಮೇಲೆ ಬೇರೆಯವನಾದ."

ಅದಕ್ಕೇ ಮೇಷ್ಟ್ರು ಗಣೇಶನ ಸುದ್ದಿ ಎತ್ತಲಿಲ್ಲ, ಮಸೀದಿ ಸುದ್ದಿ ಎತ್ತಲಿಲ್ಲ, ಒಂಬತ್ತನೇ ಬಿ ಕಡೆ ತಿರುಗಿಯೂ ನೋಡಲಿಲ್ಲ. ನಾಡಗೀತೆ ಆಯಿತು, ಸಂವಿಧಾನದ ಪೀಠಿಕೆ ಓದಿದ್ದಾಯಿತು. ಮೇಷ್ಟ್ರು ಕೈಯಲ್ಲೊಂದು ನೋಟ್ ಬುಕ್ಕು ಹಿಡಿದು ಮುಂದೆ ಬಂದರು. ಶ್ರವಣಬೆಳಗೊಳದ ಒಂದು ಕಲ್ಲಿನ ಕಥೆ ಹೇಳ್ತೀನಿ ಅಂದರು.

ಅಲ್ಲೂ ವಾದ್ಯದ ಮಾತೇ

ಬೆಳಗೊಳ ಅಂದ್ರೆ ಎಲ್ಲರೂ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬರ್ತಾರೆ. ಕೆಳಗೆ ಊರಿನೊಳಗೆ ಭಂಡಾರ ಬಸದಿ ಅಂತಿದೆ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ ಅನ್ನುವವನು 1159ರಲ್ಲಿ ಕಟ್ಟಿಸಿದ್ದು. ಅಲ್ಲಿರುವ ಒಂದು ಶಾಸನದ ಕಾಲ 1368, ಅಂದ್ರೆ ವಿಜಯನಗರದ ಬುಕ್ಕರಾಯ ಆಳುತ್ತಿದ್ದಾಗ. ಭಾದ್ರಪದ ಮಾಸ. ನಮ್ಮೂರಿನಲ್ಲಿ ಜಗಳ ಆಯಿತಲ್ಲ, ಸರಿಯಾಗಿ ಅದೇ ತಿಂಗಳು.

ಆಗ ಜೈನರಿಗೂ ಶ್ರೀವೈಷ್ಣವರಿಗೂ ತಕರಾರು ಬಂದಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಮಾಗಡಿ ಕಡೆಯ ಕಲ್ಯ, ಹೀಗೆ ಹಲವು ಊರುಗಳ ಜೈನರು ಒಟ್ಟಾಗಿ ಬಂದು ರಾಯನ ಮುಂದೆ ದೂರು ಹೇಳಿಕೊಂಡರು, ವೈಷ್ಣವ ಭಕ್ತರು ನಮಗೆ ಅನ್ಯಾಯ ಮಾಡ್ತಿದ್ದಾರೆ ಅಂತ. ರಾಯ ಎದುರು ಕಡೆಯವರನ್ನೂ ಕರೆಸಿದ. ಬಂದವರು ಸಣ್ಣಪುಟ್ಟವರಲ್ಲ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರು, 18 ನಾಡಿನ ಶ್ರೀವೈಷ್ಣವರು. ಎಲ್ಲರ ಮುಂದೆ ಬುಕ್ಕರಾಯ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ.

ಇಲ್ಲಿ ಮೇಷ್ಟ್ರು ಸ್ವಲ್ಪ ನಿಂತರು. "ಯಾರ ಕೈ ಯಾರ ಕೈಗೆ ಕೊಟ್ಟ, ನೋಡಿದ್ರಾ? ಕಡಿಮೆ ಬಲದವರ ಕೈಯನ್ನ ಹೆಚ್ಚು ಬಲದವರಿಗೆ ಒಪ್ಪಿಸಿದ. ಇವರ ಜವಾಬ್ದಾರಿ ಇನ್ನು ನಿಮ್ಮದು ಅಂತ."

ಕೈ ಕೈ ಹಿಡಿಸಿ ಫೋಟೋ ತೆಗೆಸಿಕೊಂಡು ಎದ್ದುಹೋಗೋದು ನಮ್ಮ ಕಾಲದ ಶಾಂತಿ ಸಭೆಯ ಪದ್ಧತಿ. ಬುಕ್ಕರಾಯ ಅಲ್ಲಿಗೇ ನಿಲ್ಲಿಸಲಿಲ್ಲ, ಷರತ್ತು ಬರೆಸಿದ. ಮೊದಲಿಗೇ ಏನು ಬರುತ್ತೆ ಗೊತ್ತಾ? ವಾದ್ಯ ಮತ್ತು ಕಲಶ. ಮೆರವಣಿಗೆಯಲ್ಲಿ ಪಂಚಮಹಾವಾದ್ಯ ಬಾರಿಸೋದು, ಕಲಶ ಹಿಡಿಯೋದು ಆಗಿನ ಕಾಲಕ್ಕೆ ದೊಡ್ಡ ಮರ್ಯಾದೆ. ಅದು ಹಿಂದಿನಿಂದ ನಡೆದು ಬಂದ ಹಾಗೆ ಜೈನರಿಗೂ ಸಲ್ಲುತ್ತೆ ಅಂತ ತೀರ್ಪಾಯಿತು. ವಾದ್ಯ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಕೇಳಿಸದವರ ಹಾಗೆ ಮುಂದಕ್ಕೆ ಹೋದರು.

ಎರಡನೇ ಮಾತೇ ಇಡೀ ಕಲ್ಲಿನ ತಿರುಳು. ಭಕ್ತರಿಂದ ಜೈನ ದರ್ಶನಕ್ಕೆ ಹಾನಿಯಾಗಲಿ, ವೃದ್ಧಿಯಾಗಲಿ, ಅದು ತಮ್ಮ ದರ್ಶನಕ್ಕೇ ಆದದ್ದು ಅಂತ ವೈಷ್ಣವರು ತಿಳಿಯಬೇಕು. ಈ ಒಪ್ಪಂದದ ಶಾಸನವನ್ನು ನಾಡಿನ ಬಸದಿಗಳಲ್ಲೆಲ್ಲ ಹಾಕಿಸಬೇಕು. ಹಾಕಿಸಬೇಕಾದವರು ಯಾರು? ದೂರು ಕೊಟ್ಟ ಜೈನರಲ್ಲ, ವೈಷ್ಣವರು. ಕಲ್ಯದಲ್ಲೂ ಇದೇ ಒಪ್ಪಂದದ ಕಲ್ಲಿದೆ.

ಮೂರನೆಯದು ಖರ್ಚಿನ ವ್ಯವಸ್ಥೆ. ಜೈನರ ಮನೆ ಮನೆಯಿಂದ ವರ್ಷಕ್ಕೆ 1 ಹಣ ಎತ್ತಬೇಕು. ಹಣ ಅಂದ್ರೆ ಆಗಿನ ಸಣ್ಣ ಚಿನ್ನದ ನಾಣ್ಯ. ಎತ್ತುವವರು ತಿರುಮಲೆಯ ತಾತಯ್ಯ ಅನ್ನೋ ವೈಷ್ಣವರು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಾಳುಗಳನ್ನು ಇಡಬೇಕು, ಮಿಕ್ಕಿದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಕೊನೆಗೆ, ತಪ್ಪಿದರೆ ಏನು ಅಂತಲೂ ಬರೆದಿದೆ. ಮುರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ತಪಸ್ವಿಯಾದರೂ ಸರಿ, ಊರ ಮುಖಂಡನಾದರೂ ಸರಿ, ಪಾಪ ತಪ್ಪಿದ್ದಲ್ಲ. "ಜಗಳ ಹಚ್ಚೋ ಶಕ್ತಿ ಇರೋದು ಯಾರಿಗೆ ಅಂತ ಬರೆಸಿದವರಿಗೆ ಗೊತ್ತಿತ್ತು" ಅಂದರು ಮೇಷ್ಟ್ರು. ಈ ಸಾರಿ ನಕ್ಕವರು ಹಿಂದಿನ ಸಾಲಿನ ಹುಡುಗರಲ್ಲ, ಸ್ಟಾಫಿನವರು.

ಎಲ್ಲ ಒಂದೇ ಅಂತ ಅಲ್ಲ

ಎಲ್ಲ ಧರ್ಮವೂ ಒಂದೇ ಅಂತ ಹೇಳಿ ಭಾಷಣ ಮುಗಿಸಿಬಿಡೋದು ಸುಲಭ. ಮೇಷ್ಟ್ರು ಹಾಗನ್ನಲಿಲ್ಲ. ವೈಷ್ಣವರಿಗೆ ವಿಷ್ಣುವೇ ಜಗತ್ತಿಗೆ ಒಡೆಯ. ಜೈನರ ಪ್ರಕಾರ ಜಗತ್ತನ್ನು ಸೃಷ್ಟಿ ಮಾಡಿದ ದೇವರು ಅಂತ ಒಬ್ಬ ಇಲ್ಲವೇ ಇಲ್ಲ. ಇದು ಸಣ್ಣ ವ್ಯತ್ಯಾಸವಲ್ಲ. ಇವೆರಡರ ನಡುವೆ ಭೇದವಿಲ್ಲ ಅಂತ ಕಲ್ಲು ಹೇಳುತ್ತೆ ನಿಜ. ಆದರೆ ಭೇದ ಇಲ್ಲ ಅಂದದ್ದು ಮರ್ಯಾದೆಯಲ್ಲಿ, ಹಕ್ಕಿನಲ್ಲಿ. ಯಾರೂ ತಮ್ಮ ನಂಬಿಕೆ ಬಿಡಬೇಕಾಗಲಿಲ್ಲ. ಅಷ್ಟೇ ಯಾಕೆ, ಬಸದಿಯಲ್ಲಿರುವ ಆ ಶಾಸನ ಶುರುವಾಗೋದೇ ರಾಮಾನುಜಾಚಾರ್ಯರನ್ನು ಹೊಗಳುವ ಶ್ಲೋಕದಿಂದ.

ಹಾಗಾದರೆ ಬೇರೆ ಬೇರೆ ನಂಬಿಕೆಯವರಿಗೆ ಸೇರಿ ಇರೋದು ಏನು? ಮೇಷ್ಟ್ರು ಅದನ್ನು ಮಕ್ಕಳ ಬಾಯಲ್ಲೇ ಹೊರಡಿಸಿದರು. ಕೊಟ್ಟ ಮಾತಿಗೆ ತಪ್ಪಿದರೆ ಬೈಯದೇ ಇರೋ ಮನೆ ಯಾರದಾದರೂ ಇದೆಯಾ? ಒಂದು ಕೈಯೂ ಏಳಲಿಲ್ಲ. ಕದ್ದು ತಂದರೆ ಭೇಷ್ ಅನ್ನೋ ಮನೆ? ಇಲ್ಲ. ತನಗಿಂತ ಚಿಕ್ಕವನನ್ನು ಹೊಡೆದು ಬಂದರೆ? ಇಲ್ಲ. ತೂಕದಲ್ಲಿ ಮೋಸ ಮಾಡು ಅನ್ನೋ ಮನೆ? ಇಲ್ಲೊಂದು ಚಿಕ್ಕ ಹುಡುಗ ಅರ್ಧ ಕೈ ಎತ್ತಿ ಇಳಿಸಿಬಿಟ್ಟ, ಇಡೀ ಮೈದಾನ ನಕ್ಕಿತು. ಅವನ ಅಪ್ಪನ ಅಂಗಡಿ ಯಾವುದು ಅಂತ ಈ ವರದಿಗಾರ ಕೇಳಿಲ್ಲ. ಅಂಗಡಿ ಇಟ್ಟಿರೋ ಓದುಗರು ನಿಶ್ಚಿಂತೆಯಿಂದಿರಬಹುದು.

"ದೇವರ ವಿಷಯದಲ್ಲಿ ನಿಮ್ಮ ಮನೆಗಳು ಒಪ್ಪಲ್ಲ. ಒಪ್ಪಬೇಕಾಗೂ ಇಲ್ಲ. ತಕ್ಕಡಿ ವಿಷಯದಲ್ಲಿ ಎಲ್ಲರೂ ಒಪ್ತೀರಿ. ಒಪ್ಪಂದ ಕಟ್ಟೋದು ಅಲ್ಲಿಂದ" ಅಂದರು ಮೇಷ್ಟ್ರು.

ಅಷ್ಟರಲ್ಲಿ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಕೈ ಎತ್ತಿದಳು. "ಸಾರ್, ತೊಂದರೆ ಆದದ್ದು ಜೈನರಿಗೆ. ಹಂಗಿದ್ಮೇಲೆ ದುಡ್ಡೂ ಅವರೇ ಯಾಕೆ ಕೊಡ್ಬೇಕಿತ್ತು?"

ಪ್ರೇಯರಿನಲ್ಲಿ ಪ್ರಶ್ನೆ ಕೇಳೋ ಪದ್ಧತಿ ಇಲ್ಲ. ಪಿ.ಟಿ. ಮಾಸ್ಟರು ಪೀಪಿಗೆ ಕೈ ಹಾಕಿದರು. ಮೇಷ್ಟ್ರು ತಡೆದು, "ಸರಿಯಾಗಿ ಕೇಳಿದೆಯಮ್ಮ" ಅಂದರು. ಆ ದುಡ್ಡು ಅವರ ದೇವರ ಕಾವಲಿಗೆ, ಅವರ ಬಸದಿಯ ಸುಣ್ಣಕ್ಕೇ ಹೋಯಿತು ನಿಜ. ಆದರೂ ಅದು ಆ ಕಾಲದ ಮಿತಿ. ರಾಯ ಕೊಟ್ಟದ್ದು ರಕ್ಷಣೆ. ಕೊಡುವವನು ಒಬ್ಬ ಇದ್ದಾಗ ಬೇಡುವವನೂ ಇರಬೇಕಾಗುತ್ತೆ. ಜೊತೆಗೆ ಆ ಕಲ್ಲು ಎರಡು ಪಂಗಡಗಳಿಗೆ ಸಂಬಂಧಪಟ್ಟದ್ದು, ಮಿಕ್ಕವರ ಮಾತು ಅದರಲ್ಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 25ನೇ ವಿಧಿ ಎಲ್ಲರಿಗೂ ಸೇರಿದ್ದು. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಕ್ಕೆ ಒಳಪಟ್ಟು ತನ್ನ ಧರ್ಮವನ್ನು ನಂಬೋದು, ಆಚರಿಸೋದು ಪ್ರತಿಯೊಬ್ಬರ ಹಕ್ಕು. ಅದಕ್ಕೆ ಮನೆಗೆ 1 ಹಣ ಕಟ್ಟಬೇಕಾಗಿಲ್ಲ, ಯಾವ ರಾಯನ ಮುಂದೆಯೂ ಕೈ ಮುಗಿಯಬೇಕಾಗಿಲ್ಲ. "ಆದರೆ ಪಕ್ಕದವನಿಗೆ ಆದ ಹಾನಿ ನನಗೇ ಆದದ್ದು ಅಂತ ತಿಳ್ಕೊಳ್ಳೋದಿದೆಯಲ್ಲ, ಅದನ್ನ ಯಾವ ಕಾನೂನೂ ನಿಮ್ಮ ಕೈಲಿ ಮಾಡಿಸೋಕಾಗಲ್ಲ. ಅದು 1368ರಲ್ಲೂ ಕಷ್ಟ ಇತ್ತು, ಈವತ್ತೂ ಕಷ್ಟ."

ರಾಷ್ಟ್ರಗೀತೆ ಆಯಿತು. ಮಕ್ಕಳು ಸಾಲಾಗಿ ಒಳಗೆ ಹೋದರು. ಒಂಬತ್ತನೇ ಬಿ ಎರಡು ಸಾಲಾಗಿಯೇ ಹೋಯಿತು.

ಡ್ರಾಯಿಂಗ್ ಹಾಳೆಯ ಶಾಸನ

ಒಂದು ಭಾಷಣಕ್ಕೆ ಮನಸ್ಸು ತಿರುಗಿಬಿಡುತ್ತೆ ಅಂತ ನಂಬುವವರು ಸಿನಿಮಾ ನೋಡಬಹುದು. ಇಲ್ಲಿ ಹಾಗಾಗಲಿಲ್ಲ. ಮೂರನೇ ಪೀರಿಯಡ್ಡಿಗೆ ಮೇಷ್ಟ್ರು ಒಂಬತ್ತನೇ ಬಿ ಗೆ ಹೋಗಿ ಒಂದು ಡ್ರಾಯಿಂಗ್ ಹಾಳೆ ಮೇಜಿನ ಮೇಲೆ ಇಟ್ಟರು. ನಿಮ್ಮ ಶಾಸನ ನೀವೇ ಬರೀರಿ ಅಂದರು. ಷರತ್ತು ಎರಡೇ. ಉಪದೇಶ ಬರೆಯಬಾರದು, ಮಾಡೋದು ಮಾಡದೇ ಇರೋದು ಮಾತ್ರ ಬರೀಬೇಕು. ಎರಡೂ ಕಡೆಯವರು ಒಪ್ಪದ ಸಾಲು ಹಾಳೆಗೆ ಬರಬಾರದು.

ಪರಸ್ಪರ ಗೌರವದಿಂದ ನಡೆಯತಕ್ಕದ್ದು ಅಂತ ಒಬ್ಬ ಬರೆದ. ಮೇಷ್ಟ್ರು ಹೊಡೆದು ಹಾಕಿದರು. "ಗೌರವ ಕೊಟ್ರೋ ಇಲ್ವೋ ಅಂತ ನಾನು ಹೆಂಗೋ ಪತ್ತೆ ಮಾಡ್ಲಿ? ನೋಡಿದ್ರೆ ಗೊತ್ತಾಗೋ ಹಂಗೆ ಬರಿ." ಆಮೇಲೆ ಸಾಲುಗಳು ಬಂದವು. ಯಾರ ದೇವರ ಹೆಸರು, ಊಟ, ಬಟ್ಟೆ ಹಿಡಿದು ಅಡ್ಡಹೆಸರು ಇಡಬಾರದು. ಹಬ್ಬಕ್ಕೆ ರಜ ಹಾಕಿದವರಿಗೆ ಪಕ್ಕದವರು ನೋಟ್ಸು ಕೊಡಬೇಕು. ಉಪವಾಸ, ರೋಜಾ ಇರೋರನ್ನು ಆಟದ ಪೀರಿಯಡ್ಡಿನಲ್ಲಿ ಓಡಿಸಬಾರದು. ಇದಕ್ಕೆ ಪಿ.ಟಿ. ಮಾಸ್ಟರ ಸಹಿಯೂ ಬಿತ್ತು. ಹರಿದ ನೋಟ್ ಬುಕ್ಕಿನ ಬದಲಿಗೆ ಹರಿದವನೇ ಹೊಸದು ತರಬೇಕು, ಅಂದಮಾತಿಗೆ ಅಂದವನೇ ತಪ್ಪಾಯ್ತು ಅನ್ನಬೇಕು.

ಕೊನೇ ಸಾಲಿಗೆ ಅರ್ಧ ಗಂಟೆ ಚರ್ಚೆ ಆಯಿತಂತೆ. ಕಿಟಕಿ ಕಡೆಯವನೊಬ್ಬ ಬಾಗಿಲ ಕಡೆಯವನಿಗೆ ತೊಂದರೆ ಕೊಟ್ಟರೆ ಹೆಡ್ಮಾಸ್ಟರಿಗೆ ದೂರು ಒಯ್ಯಬೇಕಾದವರು ಯಾರು? ತೊಂದರೆ ಆದವರು ಅಂತ ಎಲ್ಲರೂ ಅಂದರು. ಪ್ರೇಯರಿನಲ್ಲಿ ಹೇಳಿದ್ದೇನು ಅಂತ ಮೇಷ್ಟ್ರು ಕೇಳಿದರು. ಆಮೇಲೆ ಬರೆದದ್ದು ಹೀಗೆ. ತೊಂದರೆ ಕೊಟ್ಟವನ ಕಡೆಯವರೇ ದೂರು ಒಯ್ಯಬೇಕು. ಕಲ್ಲು ಹಾಕಿಸಿದ ಹಾಗೆ, ಹಾನಿ ಮಾಡಿದ ಕಡೆಯವರೇ ಹೊಣೆ. ತಮ್ಮವನ ಮೇಲೆ ತಾವೇ ಚಾಡಿ ಹೇಳೋದಾ ಅಂತ ಕೆಲವರು ಗೊಣಗಿದರು. ಹೂವಿನಂಗಡಿಯವರ ಮಗ ಮಾತಾಡದೇ ಸಹಿ ಹಾಕಿದ. ಆಮೇಲೆ ಬಾಳೆಮಂಡಿಯ ಹುಡುಗ ಹಾಕಿದ.

ಹಾಳೆ ಈಗ ಕ್ಲಾಸಿನ ಬಾಗಿಲಿಗೆ ಅಂಟಿದೆ. ಗುರುವಾರ ಅದಕ್ಕೆ ಮೊದಲ ಪರೀಕ್ಷೆಯೂ ಬಂತು. ಕಿಟಕಿ ಕಡೆಯವನೊಬ್ಬ ಹಳೇ ಅಡ್ಡಹೆಸರು ಕೂಗಿದ. ಮಧ್ಯಾಹ್ನ ಹೆಡ್ಮಾಸ್ಟರ ಕೋಣೆಗೆ ದೂರು ಒಯ್ದ ಇಬ್ಬರೂ ಕಿಟಕಿ ಕಡೆಯವರೇ. ಅವರಲ್ಲೊಬ್ಬ ಹೂವಿನಂಗಡಿಯ ಹುಡುಗ.

ಮೊನ್ನೆ ಸಂಜೆ ಈ ವರದಿಗಾರ ಬಾಳೆಮಂಡಿಗೆ ಹೋದಾಗ ಪಕ್ಕದ ಹೂವಿನಂಗಡಿಯವರೂ ಅಲ್ಲೇ ನಿಂತಿದ್ದರು. ಬೆಂಚಿನ ವಿಷಯ ಎತ್ತಿದರೆ ಇಬ್ಬರೂ ತಕ್ಷಣ ಮಾತಾಡಲಿಲ್ಲ. ಕೊನೆಗೆ ಹೂವಿನವರು, "ಮೆರವಣಿಗೇಲಿ ಆವತ್ತು ನಾನೂ ಇದ್ದೆ ಸಾಬ್ರೇ. ನಿಲ್ಸಿ ಅಂತ ನಮ್ಮೋರಿಗೆ ನಾನೇ ಹೇಳ್ಬೇಕಿತ್ತು. ಹೇಳ್ಲಿಲ್ಲ" ಅಂದರು. ಸಾಬರು ಬಾಳೆಗೊನೆಯಿಂದ ಒಣಗಿದ ಎಲೆ ಕೀಳ್ತಾ, "ನಮ್ಮ ಹುಡುಗ್ರೂ ಸುಮ್ನಿರ್ಲಿಲ್ಲ ಬಿಡಣ್ಣ. ಅದನ್ನ ನಾನೂ ಹೇಳ್ಲಿಲ್ಲ" ಅಂದರು. ಅಷ್ಟು ಹೊತ್ತಿಗೆ ಗಿರಾಕಿ ಬಂದರು, ನೂರರ ನೋಟಿಗೆ ಚಿಲ್ಲರೆ ಇರಲಿಲ್ಲ. ಹೂವಿನವರು ತಮ್ಮ ಗಲ್ಲಾದಿಂದ ತಂದುಕೊಟ್ಟರು.

ಟಿ.ಸಿ. ಕಾಗದ ಏನಾಯಿತು ಅಂತ ಹೆಡ್ಮಾಸ್ಟರನ್ನು ಕೇಳಿದೆ. ಡ್ರಾಯರ್ ತೆಗೆದು ತೋರಿಸಿದರು, ಅಲ್ಲೇ ಇದೆ. ಸಾಬರು ವಾಪಸು ಕೇಳಿಲ್ಲ, ಬೇಗ ಕೊಡಿ ಅಂತಲೂ ಬಂದಿಲ್ಲ. ಮುಂದಿನ ವರ್ಷವೂ ಭಾದ್ರಪದ ಬರುತ್ತೆ, ಮೆರವಣಿಗೆ ಅದೇ ರಸ್ತೆಯಲ್ಲೇ ಹೋಗಬೇಕು. ಬ್ಯಾಂಡಿನವರಿಗೆ ಐದು ನಿಮಿಷ ನಿಲ್ಲಿಸಿ ಅಂತ ಹೇಳೋರು ಆಗ ಯಾವ ಕಡೆಯಿಂದ ಬರ್ತಾರೆ, ಅದರ ಮೇಲಿದೆ ಎಲ್ಲ.